ಮೂಳೆ ಸವೆತದ ಮಾತ್ರೆ ಮತ್ತು ಹಲ್ಲು ಕೀಳಿಸುವುದು

ಅಮ್ಮ ಮೂರು ವರ್ಷದಿಂದ ವಾರಕ್ಕೊಂದು 70 ಮಿ.ಗ್ರಾಂ ಅಲೆಂಡ್ರೊನೇಟ್ ಮಾತ್ರೆ ತಗೊಳ್ತಿದ್ದಾರೆ. ಈಗ ದವಡೆ ಹಲ್ಲು ಕೀಳಿಸಿದರೆ ಮೂಳೆ ಸಾಯುತ್ತಾ?

ಸಾಧ್ಯತೆ ಇದೆ, ಆದರೆ ಅಮ್ಮನಂಥವರಲ್ಲಿ ತೀರಾ ಕಡಿಮೆ. ಈ ಔಷಧ ಹಳೆಯ ಮೂಳೆಯನ್ನು ಕರಗಿಸುವ ಕೋಶಗಳನ್ನು ತಡೆಯುತ್ತದೆ. ಹಲ್ಲು ಕಿತ್ತ ಗುಳಿ ಸರಿಯಾಗಿ ಮಾಗಲು ಆ ಕೋಶಗಳೂ ಬೇಕು. ಅವು ಕೆಲಸ ಮಾಡದೆ, ಜೊತೆಗೆ ಸೋಂಕೂ ಸೇರಿದರೆ ಮೂಳೆ ಒಸಡಿನಿಂದ ಹೊರಗೆ ಕಾಣುತ್ತದೆ. ಎಂಟು ವಾರ ಕಳೆದರೂ ಮುಚ್ಚದಿದ್ದರೆ ಅದೇ ದವಡೆ ಮೂಳೆ ಸಾಯುವ ಕಾಯಿಲೆ, ಕೆಳದವಡೆಯಲ್ಲೇ ಹೆಚ್ಚು.

ನಿಜವಾದ ಭಯ ಕ್ಯಾನ್ಸರ್ ಮೂಳೆಗೆ ಹರಡಿ, ಮೂರು-ನಾಲ್ಕು ವಾರಕ್ಕೊಮ್ಮೆ ಇದೇ ಗುಂಪಿನ ಝೋಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ಪಡೆಯುವವರಿಗೆ. ಮಾತ್ರೆಯವರಲ್ಲಿ ನಾಲ್ಕು ವರ್ಷ ದಾಟಿದವರು, ಸ್ಟೀರಾಯ್ಡ್ ತಗೊಳ್ಳುವವರು ಸ್ವಲ್ಪ ಹುಷಾರಾಗಿರಬೇಕು.

ಹಾಳಾದ ಹಲ್ಲನ್ನು ಔಷಧ ಶುರುವಾಗುವ ಮೊದಲೇ ಕೀಳಿಸಿ, ಗಾಯ ಮಾಗಲು ಎರಡು-ಮೂರು ವಾರ ಬಿಡುವುದೇ ಸರಿಯಾದ ಕ್ರಮ. ಅಮ್ಮನಿಗೆ ಆ ಅವಕಾಶ ಹೋಗಿದೆ. ಹಲ್ಲು ಉಳಿಯುವಂತಿದ್ದರೆ ರೂಟ್ ಕೆನಾಲ್ ಮಾಡಿಸಿ. ಕೀಳಲೇಬೇಕಾದರೆ ಮಾತ್ರೆಯ ವಿಷಯ ದಂತವೈದ್ಯರಿಗೆ ಮೊದಲೇ ಹೇಳಿ (ಎಷ್ಟೋ ಜನ ಇದನ್ನೇ ಮರೆಯುತ್ತಾರೆ), ಕ್ಲೋರ್‌ಹೆಕ್ಸಿಡಿನ್‌ನಿಂದ ಬಾಯಿ ಮುಕ್ಕಳಿಸಿ, ಗುಳಿ ಮುಚ್ಚುವವರೆಗೂ ತೋರಿಸುತ್ತಿರಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಔಷಧ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಎರಡು ವಾರ ಬಿಟ್ಟರೆ ಹೆಚ್ಚೇನೂ ಬದಲಾಗದು.