ಮೆಡಿಸಿನ್ ತಗೊಳ್ಳಲಾ, ಅನಸ್ತೇಷಿಯಾ ತಗೊಳ್ಳಲಾ?

ಪ್ರಶ್ನೆ: ಮೇಡಂ, ನನಗೆ 25 ವರ್ಷ. ನನ್ನ ರ್‍ಯಾಂಕಿಗೆ ಜನರಲ್ ಮೆಡಿಸಿನ್, ಅನಸ್ತೇಷಿಯಾ ಎರಡೂ ಸಿಗುತ್ತೆ. ಮುಂದೆ ಕಾರ್ಡಿಯಾಲಜಿ ಮಾಡೋ ಆಸೆ. ಆದರೆ ಓದಿನ ಸಾಲ ಇದೆ, ಅನಸ್ತೇಷಿಯಾದಲ್ಲಿ ಬೇಗ ಸಂಪಾದನೆ, ಆರಾಮ ಜೀವನ ಅಂತಾರೆ. ರೋಗಿಗಳ ಜೊತೆ ಮಾತಾಡೋದು ಇಷ್ಟ, ಎಮರ್ಜೆನ್ಸಿ ಬಂದರೆ ಮಾತ್ರ ಕೈ ನಡುಗುತ್ತೆ. ಯಾವುದು ತಗೊಳ್ಳಲಿ?

ಉತ್ತರ: ನಾನು ಅನಸ್ತೇಷಿಯಾದವಳು. ಹಾಗಾಗಿ ಆ ‘ಆರಾಮ’ದಿಂದಲೇ ಶುರು ಮಾಡುತ್ತೇನೆ.

ಆಪರೇಷನ್‌ಗೆ ಮುಂಚೆ ರೋಗಿಗೆ ಸುಮಾರು ಮೂರು ನಿಮಿಷ ಮಾಸ್ಕಿನಲ್ಲಿ ಆಕ್ಸಿಜನ್ ಕೊಡುತ್ತೇವೆ. ಆಮೇಲೆ ನಿದ್ದೆಯ ಔಷಧಿ, ಸ್ನಾಯು ಸಡಿಲ ಮಾಡುವ ಔಷಧಿ. ಅಲ್ಲಿಂದ ಅವರು ತಾವಾಗಿ ಉಸಿರಾಡುವುದಿಲ್ಲ. ಟ್ಯೂಬ್ ಸುಲಭವಾಗಿ ಹೋದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹೋಗದಿದ್ದರೆ, ಅದರಲ್ಲೂ ಗರ್ಭಿಣಿ ಅಥವಾ ತುಂಬಾ ದಪ್ಪ ಇರುವವರಾದರೆ ಆಕ್ಸಿಜನ್ ಬೇಗ ಇಳಿಯುತ್ತದೆ, ಮಾನಿಟರಿನ ಬೀಪ್ ಶಬ್ದ ಒಂದೊಂದೇ ಸ್ವರ ಕೆಳಗಿಳಿಯುವುದು ಇಡೀ ಥಿಯೇಟರಿಗೆ ಕೇಳುತ್ತದೆ, ಎಲ್ಲರೂ ನಿಮ್ಮ ಕೈಯನ್ನೇ ನೋಡುತ್ತಿರುತ್ತಾರೆ. ಇಂಥ ದಿನ ಅಪರೂಪ. ಆದರೆ ನಮ್ಮ ಕೆಲಸ ಇರುವುದೇ ಆ ದಿನಕ್ಕಾಗಿ. ಉಳಿದ ದಿನ ಗಂಟೆಗಟ್ಟಲೆ ಎಚ್ಚರದಿಂದ ಕೂತಿರಬೇಕು.

ಕೈ ನಡುಗುವುದನ್ನು ದೊಡ್ಡದು ಮಾಡಬೇಡಿ. ಇಂಟರ್ನ್‌ಶಿಪ್‌ನಲ್ಲಿ ಎಲ್ಲರ ಕೈಯೂ ನಡುಗುತ್ತದೆ, ನೂರಾರು ಸಲ ಮಾಡಿದ ಮೇಲೆ ನಿಲ್ಲುತ್ತದೆ. ನೋಡಬೇಕಾದದ್ದು ಅದು ಮುಗಿದ ಮೇಲೆ ಏನಾಗುತ್ತದೆ ಅನ್ನುವುದನ್ನು. ಮನೆಗೆ ಹೋಗಿ ಊಟ ಮಾಡಿ ಮಲಗುತ್ತೀರಾ, ಅಥವಾ ಮೂರು ದಿನ ಅದನ್ನೇ ನೆನೆಸಿಕೊಂಡು ಒದ್ದಾಡುತ್ತೀರಾ? ಎರಡನೆಯದಾದರೆ ಅನಸ್ತೇಷಿಯಾ ನಿಮ್ಮನ್ನು ಸುಸ್ತು ಮಾಡಿಬಿಡುತ್ತದೆ.

ಈಗ ನಿಮ್ಮ ಪ್ರಶ್ನೆಯಲ್ಲೇ ಇರುವ ಒಂದು ತೊಡಕು. ಎಮರ್ಜೆನ್ಸಿಗೆ ಕೈ ನಡುಗುತ್ತೆ ಅನ್ನುತ್ತೀರಿ, ಕಾರ್ಡಿಯಾಲಜಿ ಬೇಕು ಅನ್ನುತ್ತೀರಿ. ದೊಡ್ಡ ಹೃದಯಾಘಾತ ಆದವರು ಆಸ್ಪತ್ರೆಗೆ ಬಂದ 90 ನಿಮಿಷದೊಳಗೆ ರಕ್ತನಾಳ ತೆರೆಯಬೇಕು ಅನ್ನುವುದು ಅಲ್ಲಿನ ಗುರಿ. ಹೃದಯಾಘಾತಕ್ಕೆ ಹಗಲು ರಾತ್ರಿ ಇಲ್ಲ. ಆಂಜಿಯೋಪ್ಲಾಸ್ಟಿ ಮಾಡುವ ಕಾರ್ಡಿಯಾಲಜಿಸ್ಟ್‌ಗೆ ನನ್ನಷ್ಟೇ, ಎಷ್ಟೋ ಸಲ ನನಗಿಂತ ಜಾಸ್ತಿ ರಾತ್ರಿ ಫೋನ್ ಬರುತ್ತದೆ. ನಿಮಗೆ ನಿಜವಾಗಿ ಇಷ್ಟ ಆಗಿರುವುದು ಕೂತು ಮಾತಾಡಿ, ಯೋಚನೆ ಮಾಡಿ, ಅದೇ ರೋಗಿಯನ್ನು ವರ್ಷಗಟ್ಟಲೆ ನೋಡುವುದು ಅಂತಾದರೆ ಎಂಡೋಕ್ರೈನಾಲಜಿ, ರುಮಟಾಲಜಿ ಕಡೆಗೂ ಒಮ್ಮೆ ನೋಡಿ. ದಾರಿ ಅದೇ, ಮೆಡಿಸಿನ್ ಮೂಲಕವೇ.

ವರ್ಷದ ಲೆಕ್ಕ ಹಾಕೋಣ. ಎಂಡಿ 3 ವರ್ಷ, ಯಾವುದಾದರೂ ಸರಿ, ಮುಗಿದಾಗ ನಿಮಗೆ 28. ಅದಾದ ಮೇಲೆ ಕಾರ್ಡಿಯಾಲಜಿಯಂಥ ಸೂಪರ್ ಸ್ಪೆಷಾಲಿಟಿಗೆ ಡಿಎಂ ಇನ್ನೂ 3 ವರ್ಷ, ಮೊದಲ ಸಲವೇ ಸೀಟು ಸಿಕ್ಕರೆ 31. ಸಿಗದೆ ಒಂದು ವರ್ಷ ಹೋದರೆ 32. ಓದು ಮುಗಿದ ಮೇಲೆ ಕಡ್ಡಾಯ ಸೇವೆಯ ಬಾಂಡ್ ಇದ್ದರೆ ಅದು ಬೇರೆ. ಈ ಅವಧಿಯಲ್ಲಿ ಸ್ಟೈಪೆಂಡ್ ಬರುತ್ತದೆ, ಆದರೆ ಅದರಲ್ಲಿ ಸಾಲದ ಕಂತು ಕಟ್ಟಿ ಮನೆಯನ್ನೂ ನೋಡಿಕೊಳ್ಳಲು ಆಗುತ್ತದಾ ಅಂತ ಈಗಲೇ ಅಪ್ಪ ಅಮ್ಮನ ಜೊತೆ ಕೂತು ಕಾಗದದ ಮೇಲೆ ಬರೆದು ನೋಡಿ. ಆಗಲ್ಲ ಅಂದರೂ ಮೆಡಿಸಿನ್ ಬಿಡಬೇಕಾಗಿಲ್ಲ, ಯಾಕೆಂದರೆ ಡಿಎಂ ಕಡ್ಡಾಯ ಅಲ್ಲ. 28ಕ್ಕೆ ಫಿಸಿಶಿಯನ್ ಆಗಿ ಕೆಲಸ ಶುರು ಮಾಡಿ, ಸಾಲ ತೀರಿಸಿ ಆಮೇಲೆ ಡಿಎಂ ಬರೆದವರೂ ಇದ್ದಾರೆ. ಮತ್ತೆ ಓದಲು ಕೂರುವುದು ಕಷ್ಟ, ಅದನ್ನು ಮುಚ್ಚಿಡುವುದಿಲ್ಲ.

ಸಂಪಾದನೆಯಲ್ಲಿ ಜಾಸ್ತಿ ಕಮ್ಮಿಗಿಂತ, ದುಡ್ಡು ಬರುವ ರೀತಿಯೇ ಬೇರೆ. ನನಗೆ ಎಂಡಿ ಮುಗಿದ ತಿಂಗಳಿಂದಲೇ ಕೇಸ್ ಸಿಕ್ಕಿತು, ಸರ್ಜನ್ ಇದ್ದ ಕಡೆ ನಾವು ಬೇಕೇ ಬೇಕಲ್ವಾ. ಆದರೆ ಆ ರೋಗಿ ಸರ್ಜನ್ನರ ರೋಗಿ. ನಾನು ಒಂದು ತಿಂಗಳು ರಜೆ ಹಾಕಿದರೆ ಆ ತಿಂಗಳ ಸಂಪಾದನೆ ಇಲ್ಲ, ಕರೆಯುತ್ತಿದ್ದ ಸರ್ಜನ್ ಬೇರೆಯವರನ್ನು ರೂಢಿ ಮಾಡಿಕೊಂಡರೆ ಆ ಕೇಸೂ ಇಲ್ಲ. ಫಿಸಿಶಿಯನ್‌ಗೆ ಮೊದಲೆರಡು ವರ್ಷ ಓಪಿಡಿ ಖಾಲಿ ಹೊಡೆಯಬಹುದು. ನಿಧಾನಕ್ಕೆ ಶುಗರ್, ಬಿಪಿ ರೋಗಿಗಳು ನಿಮ್ಮ ಹೆಸರು ಹೇಳಿಕೊಂಡು ಬರುತ್ತಾರೆ, ಮನೆಯವರನ್ನೂ ಕರೆತರುತ್ತಾರೆ. ಅದೇ ಜನ ಭಾನುವಾರವೂ ಫೋನ್ ಮಾಡುತ್ತಾರೆ. ನನ್ನ ಡ್ಯೂಟಿ ಇನ್ನೊಬ್ಬರಿಗೆ ಕೊಟ್ಟು ಬಂದ ಮೇಲೆ ಯಾರೂ ನನ್ನನ್ನು ಹುಡುಕುವುದಿಲ್ಲ. ನನಗೆ ಅದು ಹಿತ. ನಿಮಗೆ ಅದೇ ಕೊರಗಾಗಬಹುದು, ಯಾಕೆಂದರೆ ನಮಗೆ ರೋಗಿಯ ಜೊತೆ ಮಾತು ಅಂತ ಸಿಗುವುದು ಆಪರೇಷನ್‌ಗೆ ಮುಂಚಿನ ಹತ್ತು ನಿಮಿಷ.

ನೀವು ಬರೆದಿರುವುದನ್ನು ನೋಡಿದರೆ ನಾನು ಮೆಡಿಸಿನ್ ಅನ್ನುತ್ತೇನೆ, ಆದರೆ ಕಾರ್ಡಿಯಾಲಜಿಯನ್ನು ಈಗಲೇ ಗಂಟು ಹಾಕಿಕೊಳ್ಳದೆ. ಕೌನ್ಸೆಲಿಂಗ್‌ಗೆ ಮುಂಚೆ ಒಂದು ಕೆಲಸ ಮಾಡಿ. ಈಗ ಪಿಜಿ ಓದುತ್ತಿರುವವರನ್ನು ಕೇಳಬೇಡಿ, ಅವರಿಗೆ ಯಾವ ಬ್ರಾಂಚ್ ಆದರೂ ನಿದ್ದೆ ಇರುವುದಿಲ್ಲ. 40 ದಾಟಿದ ಒಬ್ಬ ಫಿಸಿಶಿಯನ್, ಒಬ್ಬ ಅನಸ್ತೇಷಿಯಾದವರು, ಒಬ್ಬ ಕಾರ್ಡಿಯಾಲಜಿಸ್ಟ್ ಜೊತೆ ಒಂದೊಂದು ದಿನ ಬೆಳಗ್ಗೆಯಿಂದ ರಾತ್ರಿವರೆಗೆ ಇರಿ. ಹೋದ ತಿಂಗಳು ಎಷ್ಟು ರಾತ್ರಿ ಎದ್ದು ಹೋದಿರಿ ಅಂತ ಮೂವರನ್ನೂ ಕೇಳಿ. ಸೀಟು ಸೇರಿದ ಮೇಲೆ ಬಿಟ್ಟರೆ ಬಹಳ ಕಡೆ ದೊಡ್ಡ ದಂಡ ಕಟ್ಟಬೇಕಾಗುತ್ತದೆ, ಆದ್ದರಿಂದ ಈ ಮೂರು ದಿನವನ್ನು ಸೇರುವ ಮುಂಚೆಯೇ ಮಾಡಿಕೊಳ್ಳಿ.