ಮೆಟ್‌ಫಾರ್ಮಿನ್ ಮಾತ್ರೆಯೂ ಹೊಟ್ಟೆಯ ತೊಂದರೆಯೂ

ಪ್ರಶ್ನೆ: ಮೆಟ್‌ಫಾರ್ಮಿನ್ ಹೇಗೆ ಕೆಲಸ ಮಾಡುತ್ತದೆ? ಶುರು ಮಾಡಿದಾಗಿನಿಂದ ಹೊಟ್ಟೆ ಕೆಡುತ್ತಿದೆ, ಹೇಗೆ ತೆಗೆದುಕೊಳ್ಳಬೇಕು?

ಉತ್ತರ: ನಾವು ಮಲಗಿರುವಾಗಲೂ ಯಕೃತ್ತು ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ, ಟೈಪ್ 2 ಮಧುಮೇಹದಲ್ಲಿ ಈ ಉತ್ಪಾದನೆ ಮಿತಿಮೀರಿ, ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಏರುತ್ತದೆ. ಮೆಟ್‌ಫಾರ್ಮಿನ್ ಮುಖ್ಯವಾಗಿ ಇದನ್ನೇ ತಗ್ಗಿಸುತ್ತದೆ. ಅದು ಇನ್ಸುಲಿನ್ ಸ್ರವಿಕೆಯನ್ನು ಹೆಚ್ಚಿಸುವುದಿಲ್ಲವಾದ್ದರಿಂದ, ಇದೊಂದನ್ನೇ ಸೇವಿಸುವವರಲ್ಲಿ ಸಕ್ಕರೆ ತೀರಾ ಕುಸಿಯುವುದು ಅಪರೂಪ.

ಈ ಔಷಧ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ ಕರುಳಿನ ಗೋಡೆಯಲ್ಲಿ ಸೇರಿಕೊಳ್ಳುತ್ತದೆ. ವಾಕರಿಕೆ, ಹೊಟ್ಟೆಯುಬ್ಬರ, ಭೇದಿ, ಬಾಯಲ್ಲಿ ಲೋಹದ ರುಚಿ ಮೊದಲ ವಾರಗಳಲ್ಲಿ ಕಾಣಿಸಿಕೊಂಡು, ಬಹುತೇಕರಲ್ಲಿ ತಾವಾಗಿಯೇ ಇಳಿಯುತ್ತವೆ.

ಆರಂಭದ ಪ್ರಮಾಣವೇ ಹೆಚ್ಚಾದಾಗ ತೊಂದರೆಯೂ ಹೆಚ್ಚು. ದಿನಕ್ಕೆ 1000 ಮಿ.ಗ್ರಾಂ ಬೇಕಾದವರಿಗೆ ವೈದ್ಯರು ಸಾಮಾನ್ಯವಾಗಿ ರಾತ್ರಿ ಊಟದ ಜೊತೆ 500 ಮಿ.ಗ್ರಾಂನಿಂದ ಆರಂಭಿಸಿ, ವಾರದ ನಂತರ ಹೊಟ್ಟೆ ಹೊಂದಿಕೊಂಡಿದ್ದರೆ ಬೆಳಗಿನ ತಿಂಡಿಯ ಜೊತೆ ಇನ್ನೊಂದು 500 ಸೇರಿಸುತ್ತಾರೆ. ಬರೀ ಕಾಫಿ ಕುಡಿದು ಮಾತ್ರೆ ನುಂಗಬೇಡಿ. ನಾಲ್ಕು ತುತ್ತು ಮುದ್ದೆಯನ್ನೋ ಅನ್ನವನ್ನೋ ಉಂಡು, ಊಟದ ನಡುವೆ ತೆಗೆದುಕೊಳ್ಳಿ. ಇಷ್ಟಾದರೂ ಭೇದಿ ನಿಲ್ಲದಿದ್ದರೆ, ನಿಧಾನವಾಗಿ ಕರಗುವ ಎಸ್‌ಆರ್ ಅಥವಾ ಎಕ್ಸ್‌ಆರ್ ಮಾತ್ರೆಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಅದನ್ನು ಪುಡಿ ಮಾಡಬಾರದು, ಅಗಿಯಬಾರದು. ಮಲದಲ್ಲಿ ಅದರ ಕವಚ ಕಂಡರೆ ಗಾಬರಿ ಬೇಡ, ಔಷಧ ಒಳಗೆ ಸೇರಿಯೇ ಇರುತ್ತದೆ.

ವಾಂತಿ-ಭೇದಿ ಜೋರಾಗಿ ನೀರೂ ನಿಲ್ಲದಂತಾದರೆ ಮಾತ್ರ ಕಾಯಬೇಡಿ. ಮೂತ್ರಪಿಂಡ ಸೊರಗಿ ಔಷಧ ರಕ್ತದಲ್ಲಿ ಉಳಿದುಬಿಡಬಹುದು, ಆದ್ದರಿಂದ ಮುಂದಿನ ಮಾತ್ರೆಗೆ ಮೊದಲೇ ವೈದ್ಯರನ್ನು ಸಂಪರ್ಕಿಸಿ.