ಲಾಗ್ ಅಂದರೆ ಘಾತದ ಉಲ್ಟಾ, ದೊಡ್ಡ ಸಂಖ್ಯೆಗಳನ್ನು ಅದು ಪಳಗಿಸುವುದು ಹೇಗೆ?

ಪ್ರಶ್ನೆ: ಲಾಗ್ ಅಂದ್ರೆ ಘಾತದ ಉಲ್ಟಾ ಅಂತ ಮೇಷ್ಟ್ರು ಹೇಳಿದ್ರು. ಅದು ಸರಿ, ಆದ್ರೆ ಅದರಿಂದ ದೊಡ್ಡ ಸಂಖ್ಯೆಗಳು ಹೇಗೆ ಸುಲಭ ಆಗ್ತವೆ?

10^3 ಎಷ್ಟು ಅಂತ ಕೇಳಿದರೆ 1000 ಅನ್ನುತ್ತೀರಿ. 10ರ ಎಷ್ಟನೇ ಘಾತ 1000 ಆಗುತ್ತದೆ ಅಂತ ಕೇಳಿದರೆ ಉತ್ತರ 3. ಈ 3 ಇದೆಯಲ್ಲ, ಅದೇ 1000ದ ಲಾಗ್. ಹತ್ತು ಸಾವಿರದ ಲಾಗ್ 4, ಲಕ್ಷದ ಲಾಗ್ 5. ಸಂಖ್ಯೆ ಹತ್ತು ಪಟ್ಟು ಬೆಳೆದರೂ ಲಾಗ್ ಬರೀ ಒಂದು ಹೆಚ್ಚುತ್ತದೆ. ಪಳಗಿಸುವ ಗುಟ್ಟು ಇಲ್ಲೇ ಇದೆ.

ನಡುವಿನ ಸಂಖ್ಯೆಗಳಿಗೂ ಲಾಗ್ ಇರುತ್ತದೆ. 2^10 ಅಂದರೆ 1024, ಸಾವಿರಕ್ಕಿಂತ ಚೂರು ಜಾಸ್ತಿ. ಸಂಖ್ಯೆಗಳನ್ನು ಗುಣಿಸಿದರೆ ಅವುಗಳ ಲಾಗ್‌ಗಳು ಕೂಡುತ್ತವೆ. ಅಂದರೆ 2ರ ಲಾಗನ್ನು ಹತ್ತು ಸಲ ಕೂಡಿದರೆ 3ಕ್ಕಿಂತ ಚೂರು ಜಾಸ್ತಿ ಬರಬೇಕು, ಅಲ್ವಾ? ಹಾಗಾಗಿ 2ರ ಲಾಗ್ 0.3ಕ್ಕಿಂತ ಸ್ವಲ್ಪ ಹೆಚ್ಚು. ಸರಿಯಾದ ಬೆಲೆ ಸುಮಾರು 0.30103.

ಈಗ 2^100 ತಗೊಳ್ಳಿ. ನೂರು ಸಲ ಗುಣಿಸುತ್ತಾ ಕೂರಬೇಕಿಲ್ಲ. 100 × 0.30103 = 30.103. ಇದರಲ್ಲಿ 30 ಅನ್ನುವ ಭಾಗ ಸಂಖ್ಯೆ ಎಷ್ಟು ಉದ್ದ ಅಂತ ಹೇಳುತ್ತದೆ: 30ಕ್ಕೆ ಒಂದು ಕೂಡಿದರೆ 31 ಅಂಕಿ. ಉಳಿದ 0.103 ಮೊದಲ ಅಂಕಿಗಳನ್ನು ಹೇಳುತ್ತದೆ: 10^0.103 ಸುಮಾರು 1.268. ನಿಜವಾದ ಸಂಖ್ಯೆ ಶುರುವಾಗುವುದು 12676 ಅಂತಲೇ.

ನನಗೆ ಬಹಳ ಇಷ್ಟವಾದ ಉದಾಹರಣೆ 2024ರ ಅಕ್ಟೋಬರ್‌ನಲ್ಲಿ ಸಿಕ್ಕ ದೈತ್ಯ ಅವಿಭಾಜ್ಯ ಸಂಖ್ಯೆ: 2^136279841 − 1. ಆ ಒಂದನ್ನು ಕಳೆದರೆ ಅಂಕಿಗಳ ಎಣಿಕೆ ಬದಲಾಗುವುದಿಲ್ಲ, ಯಾಕೆಂದರೆ 2ರ ಯಾವ ಘಾತವೂ ಸೊನ್ನೆಯಲ್ಲಿ ಮುಗಿಯುವುದಿಲ್ಲ. ಆದ್ದರಿಂದ 13,62,79,841ನ್ನು 2ರ ಲಾಗ್‌ನಿಂದ ಗುಣಿಸಿದರೆ ಸಾಕು. ಸುಮಾರು 4,10,24,319.945 ಬರುತ್ತದೆ. ಅಂದರೆ 4,10,24,320 ಅಂಕಿಗಳು. ದಶಮಾಂಶದ 0.945ರಿಂದ ಮೊದಲ ಅಂಕಿ 8 ಅಂತಲೂ ಗೊತ್ತಾಗುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಪಿಯುಸಿ ಲಾಗ್ ಟೇಬಲ್ಲಿನ 0.3010 ಹಾಕಿದರೆ ನಾಲ್ಕು ಸಾವಿರಕ್ಕೂ ಹೆಚ್ಚು ಅಂಕಿ ಕಮ್ಮಿ ಬರುತ್ತದೆ. 0.30103 ಹಾಕಿದರೂ ಒಂದು ಅಂಕಿ ಜಾಸ್ತಿ ಬರುತ್ತದೆ! ಲಾಗ್‌ನಲ್ಲಿ ಬಿಟ್ಟ ಸಣ್ಣ ಚೂರು ಹದಿಮೂರು ಕೋಟಿ ಪಟ್ಟು ಆಗಿಬಿಡುತ್ತದೆ. ಅದಕ್ಕೇ ಇಲ್ಲಿ 0.30102999566 ಬಳಸಿ. ಘಾತ ದೊಡ್ಡದಾದಷ್ಟೂ ಲಾಗ್‌ಗೆ ಹೆಚ್ಚು ದಶಮಾಂಶ ಸ್ಥಾನಗಳು ಬೇಕು.

ಇನ್ನೊಂದು ಮಿತಿಯೂ ಇದೆ. ಲಾಗ್ ಸಂಖ್ಯೆಯ ಉದ್ದವನ್ನೂ ತಲೆಯನ್ನೂ ತೋರಿಸುತ್ತದೆ, ಬಾಲವನ್ನಲ್ಲ. ಕೊನೆಯ ಅಂಕಿ ಬೇಕಾದರೆ ಬೇರೆ ದಾರಿ: 2ರ ಘಾತಗಳ ಕೊನೆಯಲ್ಲಿ 2, 4, 8, 6 ಸುತ್ತಿ ಸುತ್ತಿ ಬರುತ್ತವೆ. 136279841ನ್ನು 4ರಿಂದ ಭಾಗಿಸಿದರೆ ಶೇಷ 1, ಹಾಗಾಗಿ ಆ ಘಾತದ ಕೊನೆ 2. ಒಂದು ಕಳೆದರೆ ನಮ್ಮ ಅವಿಭಾಜ್ಯದ ಕೊನೆಯ ಅಂಕಿ 1.